ಗಾಯದ ಸುದ್ದಿ: ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?

ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡುವವರಿಗೆ ಆಟಗಾರನ ಹೆಸರಿನ ಪಕ್ಕದ ಆ ಹಳದಿ ಗುರುತು ಚೆನ್ನಾಗಿ ಗೊತ್ತು. ಒತ್ತಿ ನೋಡಿದರೆ ‘ಮಂಡಿ ಗಾಯ, ಆಡುವ ಸಾಧ್ಯತೆ 75%’ ಅಂತ ಬರುತ್ತೆ. ನಮ್ಮ ಆಫೀಸಿನಲ್ಲಿ ಹದಿನಾಲ್ಕು ಜನರ ಲೀಗ್ ಒಂದಿದೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆ ಗ್ರೂಪಿನಲ್ಲಿ ಕೆಲಸಕ್ಕಿಂತ ಹೆಚ್ಚು ಚರ್ಚೆ ಆಗೋದು ಯಾರದ್ದೋ ತೊಡೆ, ಯಾರದ್ದೋ ಮಂಡಿಯ ಬಗ್ಗೆ. ‘ಕ್ಲಬ್ ಏನೋ ಮುಚ್ಚಿಡ್ತಿದೆ ಮಾರಾಯ’ ಅನ್ನೋದು ಅಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುವ ಮಾತು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಸಿಸ್ಟಮ್ ಕೈಕೊಟ್ಟಾಗ ಗ್ರಾಹಕರಿಗೆ ‘ಏನಾಗಿದೆ, ಏನು ಮಾಡ್ತಿದ್ದೀವಿ’ ಅಂತ ಬರೆಯೋದು ನನ್ನ ಕೆಲಸದ ಭಾಗ. ಅಲ್ಲೂ ಸುಳ್ಳು ಹೇಳುವಂತಿಲ್ಲ, ಹಾಗಂತ ಯಾವ ಗ್ರಾಹಕನ ಮಾಹಿತಿಯನ್ನೂ ಬಯಲು ಮಾಡುವಂತಿಲ್ಲ. ಅದಕ್ಕೇ ಇರಬೇಕು, ಫುಟ್‌ಬಾಲ್ ಕ್ಲಬ್‌ಗಳು ಹೊರಡಿಸುವ ಗಾಯದ ಪ್ರಕಟಣೆಗಳನ್ನು ನಾನು ಸ್ಕೋರ್‌ಕಾರ್ಡಿಗಿಂತ ಹೆಚ್ಚು ಗಮನವಿಟ್ಟು ಓದುತ್ತೇನೆ. ನಾಲ್ಕೈದು ಸಾಲಿನ ಬರಹ ಅದು. ಆದರೆ ಅದರಲ್ಲಿ ಒಬ್ಬ ಮನುಷ್ಯನ ದೇಹವಿದೆ, ಅವನ ಮುಂದಿನ ಒಪ್ಪಂದವಿದೆ, ಲಕ್ಷಾಂತರ ಅಭಿಮಾನಿಗಳ ನಂಬಿಕೆಯೂ ಇದೆ.

ಒಂದು ಮಂಡಿ, 285 ದಿನ

ನನಗೆ ಚೆನ್ನಾಗಿದೆ ಅನ್ನಿಸಿದ ಪ್ರಕಟಣೆಯೊಂದರಿಂದ ಶುರು ಮಾಡ್ತೀನಿ. 2020ರ ಅಕ್ಟೋಬರ್ 17, ಶನಿವಾರ. ಗುಡಿಸನ್ ಪಾರ್ಕ್‌ನಲ್ಲಿ ಎವರ್ಟನ್ ಮತ್ತು ಲಿವರ್‌ಪೂಲ್ ಪಂದ್ಯ. ಆಟ ಶುರುವಾಗಿ ಆರನೇ ನಿಮಿಷಕ್ಕೇ ಎವರ್ಟನ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ಜಿಗಿದು ಬಂದ ರಭಸಕ್ಕೆ ಲಿವರ್‌ಪೂಲ್ ಡಿಫೆಂಡರ್ ವರ್ಜಿಲ್ ವಾನ್ ಡೈಕ್ ಮಂಡಿ ತಿರುಚಿಕೊಂಡಿತು. ಕುಂಟುತ್ತಾ ಹೊರನಡೆದರು. ಪಂದ್ಯ 2–2 ಡ್ರಾ. ಸಂಜೆಯಿಂದಲೇ ಊಹಾಪೋಹ ಶುರು. ಒಬ್ಬರು ಎಂಟು ವಾರ ಅಂದರು, ಇನ್ನೊಬ್ಬರು ಇಡೀ ಸೀಸನ್ ಮುಗಿಯಿತು ಅಂದರು.

ಮರುದಿನ ಭಾನುವಾರ ಕ್ಲಬ್‌ನ ಪ್ರಕಟಣೆ ಬಂತು. ಅದರ ಸಾರ ಇಷ್ಟು: ವಾನ್ ಡೈಕ್ ಅವರ ಮಂಡಿಯ ಒಂದು ಲಿಗಮೆಂಟ್‌ಗೆ ಹಾನಿಯಾಗಿದೆ, ಶಸ್ತ್ರಚಿಕಿತ್ಸೆ ನಡೆಯಲಿದೆ, ಅದಾದ ಮೇಲೆ ಕ್ಲಬ್ಬಿನ ವೈದ್ಯಕೀಯ ತಂಡದ ಜೊತೆ ಚೇತರಿಕೆಯ ಕಾರ್ಯಕ್ರಮ ಶುರುವಾಗುತ್ತದೆ, ಯಾವಾಗ ಮರಳುತ್ತಾರೆ ಅನ್ನುವುದಕ್ಕೆ ಈ ಹಂತದಲ್ಲಿ ಯಾವ ಅವಧಿಯನ್ನೂ ಹೇಳುತ್ತಿಲ್ಲ.

ಈಗ ಇದನ್ನು ಬಿಡಿಸಿ ನೋಡೋಣ. ಮೊದಲನೆಯದು, ಯಾವ ಅಂಗ ಅನ್ನೋದು ಇದೆ. ಮಂಡಿ ಹಿಡಿದುಕೊಂಡದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದರು, ಅದನ್ನು ಮುಚ್ಚಿಟ್ಟರೆ ಪೆದ್ದುತನ. ಎರಡನೆಯದು, ಗಂಭೀರತೆ ಇದೆ. ‘ಶಸ್ತ್ರಚಿಕಿತ್ಸೆ’ ಅನ್ನೋ ಒಂದೇ ಪದ ಸಾಕು, ಇದು ಎರಡು ವಾರದ ಕಥೆಯಲ್ಲ ಅಂತ ಅಭಿಮಾನಿಗೆ ತಿಳಿಯುತ್ತೆ. ಇಲ್ಲಿ ಕ್ಲಬ್ ಯಾರಿಗೂ ಸುಳ್ಳು ಭರವಸೆ ಕೊಡಲಿಲ್ಲ. ಮೂರನೆಯದು, ಮಂಡಿಯಲ್ಲಿ ನಾಲ್ಕು ಮುಖ್ಯ ಲಿಗಮೆಂಟ್‌ಗಳಿವೆ. ಯಾವುದು ಹರಿದಿದೆ, ಎಷ್ಟು ಹರಿದಿದೆ, ಜೊತೆಗೆ ಮೆನಿಸ್ಕಸ್‌ಗೂ ಪೆಟ್ಟಾಗಿದೆಯಾ ಅನ್ನೋದನ್ನು ಹೇಳಲಿಲ್ಲ. ಅದು ಸ್ಕ್ಯಾನ್ ರಿಪೋರ್ಟಿನ ವಿಷಯ. ನಾಲ್ಕನೆಯದು, ಪಿಕ್‌ಫರ್ಡ್ ಹೆಸರು ಬಂದರೂ ಒಂದು ವಿಶೇಷಣ ಕೂಡ ಇಲ್ಲ, ಆರೋಪವಿಲ್ಲ. ಅಭಿಮಾನಿಗಳು ಆ ಗೋಲ್‌ಕೀಪರ್ ಮೇಲೆ ಕೆಂಡ ಕಾರುತ್ತಿದ್ದ ಹೊತ್ತಿನಲ್ಲಿ ಗಾಯದ ಪ್ರಕಟಣೆಯನ್ನು ದೂರಿನ ಅರ್ಜಿ ಮಾಡಲಿಲ್ಲ.

ಐದನೆಯದೇ ನನಗೆ ಬಹಳ ಹಿಡಿಸಿದ್ದು. ‘ಅವಧಿ ಹೇಳುತ್ತಿಲ್ಲ’ ಅಂತ ನೇರವಾಗಿ ಹೇಳಿಬಿಟ್ಟರು. ಸುಮ್ಮನೆ ಬಿಟ್ಟುಬಿಡುವುದಕ್ಕೂ, ‘ಇದನ್ನು ಈಗ ಹೇಳುತ್ತಿಲ್ಲ’ ಎಂದು ಬರೆಯುವುದಕ್ಕೂ ವ್ಯತ್ಯಾಸವಿದೆ. ಬಿಟ್ಟುಬಿಟ್ಟರೆ ಓದುಗ ತನ್ನ ಊಹೆಯನ್ನು ಅಲ್ಲಿ ತುಂಬುತ್ತಾನೆ. ಹೇಳಿದರೆ ಆ ಜಾಗಕ್ಕೆ ಒಂದು ಬೇಲಿ ಬೀಳುತ್ತೆ.

ಮುಂದೆ ಏನಾಯ್ತು? 2021ರ ಬೇಸಿಗೆಯ ಯೂರೋ ಟೂರ್ನಿಯನ್ನು ವಾನ್ ಡೈಕ್ ಕೈಬಿಟ್ಟರು. ಮತ್ತೆ ಲಿವರ್‌ಪೂಲ್ ಅಂಗಿ ತೊಟ್ಟು ಅಂಗಳಕ್ಕಿಳಿದದ್ದು 2021ರ ಜುಲೈ 29ರಂದು, ಹೆರ್ತಾ ಬರ್ಲಿನ್ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ. ಲೆಕ್ಕ ಹಾಕಿದರೆ 285 ದಿನ. ಅಕ್ಟೋಬರಿನಲ್ಲೇ ‘ಏಪ್ರಿಲ್‌ಗೆ ವಾಪಸ್’ ಅಂತ ಬರೆದಿದ್ದರೆ, ಏಪ್ರಿಲ್ ಬಂದ ದಿನದಿಂದ ಪ್ರತಿ ಪತ್ರಿಕಾಗೋಷ್ಠಿಯಲ್ಲೂ ‘ಯಾಕೆ ಇನ್ನೂ ಬಂದಿಲ್ಲ’ ಅನ್ನುವ ಪ್ರಶ್ನೆ ಏಳುತ್ತಿತ್ತು. ಆ ಒತ್ತಡ ಬೀಳೋದು ಪ್ರಕಟಣೆ ಬರೆದವನ ಮೇಲಲ್ಲ, ಆ ಮಂಡಿಯ ಮೇಲೆ. ಹೀಗೆ ದಿನಾಂಕ ಹೇಳದಿರುವುದು ಖಾಸಗಿತನದ ಪ್ರಶ್ನೆಯಷ್ಟೇ ಅಲ್ಲ, ಚಿಕಿತ್ಸೆಯ ಪ್ರಶ್ನೆಯೂ ಹೌದು.

ಹೆಚ್ಚು ಹೇಳಿದರೆ ತಪ್ಪಾ?

ಹಾಗೇನಿಲ್ಲ. ರಿಯಲ್ ಮ್ಯಾಡ್ರಿಡ್ ಶೈಲಿ ನೋಡಿ. ಅವರ ವೈದ್ಯಕೀಯ ಪ್ರಕಟಣೆ ವರ್ಷಗಳಿಂದ ಒಂದೇ ಅಚ್ಚಿನದು. 2024ರ ನವೆಂಬರಿನಲ್ಲಿ ಎಡರ್ ಮಿಲಿಟಾವೊ ಗಾಯಗೊಂಡಾಗ, ಬಲಗಾಲಿನ ಮುಂಭಾಗದ ಕ್ರೂಸಿಯೇಟ್ ಲಿಗಮೆಂಟ್ ಪೂರ್ತಿ ಹರಿದಿದೆ, ಎರಡೂ ಮೆನಿಸ್ಕಸ್‌ಗೆ ಪೆಟ್ಟಾಗಿದೆ ಅಂತ ರೋಗನಿರ್ಣಯವನ್ನೇ ಬರೆದರು. ಲಿವರ್‌ಪೂಲ್ ಬಾಗಿಲು ಅರ್ಧ ತೆರೆದರೆ ಇವರು ಪೂರ್ತಿ ತೆರೆದರು. ಐಸ್ ಹಾಕಿಯ ಎನ್‌ಎಚ್‌ಎಲ್ ಇನ್ನೊಂದು ತುದಿ. ಅಲ್ಲಿ ‘ದೇಹದ ಮೇಲ್ಭಾಗದ ಗಾಯ’, ‘ದೇಹದ ಕೆಳಭಾಗದ ಗಾಯ’ ಅಂತ ಅಷ್ಟೇ ಹೇಳುವ ರೂಢಿ ಇದೆ. ಮಣಿಕಟ್ಟು ನೋಯುತ್ತಿದೆ ಅಂತ ಗೊತ್ತಾದರೆ ಎದುರಾಳಿ ಅದಕ್ಕೇ ಹೊಡೆಯುತ್ತಾನೆ ಅನ್ನೋ ಭಯ ಅಲ್ಲಿ ನಿಜವಾದದ್ದು.

ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ ಇದು ಕ್ಲಬ್ಬಿನ ಇಷ್ಟಕ್ಕೆ ಬಿಟ್ಟದ್ದೇ ಅಲ್ಲ. ಯಾರಿಗೆ ಎಲ್ಲಿ ಗಾಯ, ಅಭ್ಯಾಸದಲ್ಲಿ ಪೂರ್ತಿ ಭಾಗವಹಿಸಿದನಾ, ಅರ್ಧವಾ, ಇಲ್ಲವೇ ಇಲ್ಲವಾ ಅನ್ನೋ ಪಟ್ಟಿಯನ್ನು ಪಂದ್ಯಕ್ಕೆ ಮುಂಚೆ ನಿಗದಿತ ದಿನಗಳಲ್ಲಿ ಕೊಡಲೇಬೇಕು. ತಪ್ಪಿದರೆ ದಂಡ. ಒಳಗಿನ ಮಾಹಿತಿ ಕೆಲವರಿಗೆ ಮಾತ್ರ ಸಿಕ್ಕಿ ಅದು ಬೆಟ್ಟಿಂಗಿನಲ್ಲಿ ಹಣವಾಗಬಾರದು ಅನ್ನೋದು ಇದರ ಹಿಂದಿನ ದೊಡ್ಡ ಕಾರಣ.

ಇವುಗಳಲ್ಲಿ ಯಾವುದು ಸರಿ ಅನ್ನೋದು ಪದಗಳ ಸಂಖ್ಯೆಯಿಂದ ತೀರ್ಮಾನ ಆಗಲ್ಲ. ಎರಡು ಪ್ರಶ್ನೆ ಕೇಳಬೇಕು. ಹೇಳಿದ್ದೆಲ್ಲಾ ನಿಜವಾ? ಹೇಳಿದ್ದಕ್ಕೆ ಆಟಗಾರ ಒಪ್ಪಿದ್ದಾನಾ?

ಎರಡನೇ ಪ್ರಶ್ನೆ ಕಾಣುವಷ್ಟು ಸುಲಭ ಅಲ್ಲ. ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ 9ನೇ ವಿಧಿ ಆರೋಗ್ಯದ ಮಾಹಿತಿಯನ್ನು ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸುತ್ತೆ. ಹೊರಗೆ ಬಿಡುವುದಕ್ಕೆ ಸ್ಪಷ್ಟ ಒಪ್ಪಿಗೆಯಂಥ ಗಟ್ಟಿ ಆಧಾರ ಬೇಕು. ಆದರೆ ಒಪ್ಪಿಗೆ ಕೇಳುತ್ತಿರುವವನು ಸಂಬಳ ಕೊಡುವ ಧಣಿ. ಕೊಡುತ್ತಿರುವವನು ಚಿಕಿತ್ಸೆಯ ಮೇಜಿನ ಮೇಲೆ ಮಲಗಿರುವ ನೌಕರ. ಫೋನ್ ಮುಂದೆ ಹಿಡಿದು ‘ಇದನ್ನು ಹಾಕ್ತೀವಿ, ಓಕೆ ತಾನೆ?’ ಅಂದರೆ ಇಲ್ಲ ಅನ್ನೋಕೆ ಎಷ್ಟು ಜನಕ್ಕೆ ಧೈರ್ಯ ಬರುತ್ತೆ? ಹಾಗಾಗಿ ಹೌದು–ಇಲ್ಲ ಅನ್ನುವ ಒಂದೇ ಪ್ರಶ್ನೆ ಕೇಳೋದಕ್ಕಿಂತ ಮೂರು ಆಯ್ಕೆ ಮುಂದಿಡುವುದು ನ್ಯಾಯ: ‘ಲಭ್ಯವಿಲ್ಲ’ ಅಂತಷ್ಟೇ ಹೇಳೋದು, ಅಂಗದ ಹೆಸರು ಹೇಳೋದು, ರೋಗನಿರ್ಣಯವನ್ನೂ ಹೇಳೋದು. ಆಟಗಾರ ಏನೂ ಆರಿಸದಿದ್ದರೆ ಮೊದಲನೆಯದೇ ಅನ್ವಯ ಆಗಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡೀಫಾಲ್ಟ್ ಯಾವತ್ತೂ ಕನಿಷ್ಠ ಇರಬೇಕು.

ಹೇಳದೇ ಹೇಳಿಬಿಡುವ ದಾರಿಗಳು

ಸಾಫ್ಟ್‌ವೇರ್ ಭದ್ರತೆಯಲ್ಲಿ ಸೈಡ್ ಚಾನೆಲ್ ಅಂತ ಒಂದು ಮಾತಿದೆ. ಬೀಗ ಭದ್ರವಾಗಿದ್ದರೂ, ಬಾಗಿಲ ಕೆಳಗಿನ ಬೆಳಕು ನೋಡಿ ಒಳಗೆ ಯಾರೋ ಇದ್ದಾರೆ ಅಂತ ಊಹಿಸೋದು. ಗಾಯದ ಪ್ರಕಟಣೆಗಳು ಸೋರುವುದು ಹೆಚ್ಚಾಗಿ ಇಂಥ ದಾರಿಗಳಲ್ಲೇ.

‘ಮತ್ತೆ’ ಅನ್ನೋ ಪದ ನೋಡಿ. ‘ತೊಡೆಯ ಹಿಂಭಾಗದ ಸ್ನಾಯುವಿಗೆ ಮತ್ತೆ ಪೆಟ್ಟಾಗಿದೆ’ ಅಂತ ಬರೆದರೆ, ಹಿಂದೆ ಹೊರಗೆ ಹೇಳದೇ ಇದ್ದ ಗಾಯವೊಂದನ್ನೂ ಒಪ್ಪಿಕೊಂಡ ಹಾಗಾಯ್ತು. ಮುಂದಿನ ಕ್ಲಬ್ ಒಪ್ಪಂದದ ಮಾತಿಗೆ ಕೂತಾಗ ಆ ಎರಡಕ್ಷರ ಮೇಜಿನ ಮೇಲೆ ಬರುತ್ತೆ. ತಜ್ಞ ವೈದ್ಯರ ಹೆಸರೂ ಹಾಗೇ. ಆ ವೈದ್ಯರು ಮಾಡುವುದು ಒಂದೇ ಬಗೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಹೆಸರೇ ರೋಗನಿರ್ಣಯ. ‘ಬೇಗ ಗುಣಮುಖರಾಗಿ’ ಅಂತ ಹಾಕಿದ ಫೋಟೋದಲ್ಲಿ ಕಾಲಿಗೆ ಕಟ್ಟಿದ ಬ್ರೇಸ್, ಹಿಂದಿನ ಗೋಡೆಯ ಮೇಲಿನ ಆಸ್ಪತ್ರೆ ವಿಭಾಗದ ಬೋರ್ಡ್ ಕಂಡರೆ ಪ್ರಕಟಣೆಯಲ್ಲಿ ಎಷ್ಟು ಬಿಗಿ ಹಿಡಿದರೂ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಮೌನದ್ದು. ಒಂದು ಕ್ಲಬ್ ಮಂಡಿ, ಪಾದ, ಭುಜ ಎಲ್ಲವನ್ನೂ ಹೆಸರಿಟ್ಟು ಹೇಳುತ್ತೆ ಅಂದುಕೊಳ್ಳಿ. ಒಬ್ಬ ಆಟಗಾರ ಖಿನ್ನತೆಗೆ ಚಿಕಿತ್ಸೆ ತೆಗೆದುಕೊಳ್ಳುವಾಗ ಮಾತ್ರ ‘ವೈಯಕ್ತಿಕ ಕಾರಣ’ ಅಂತ ಬರೆಯುತ್ತೆ. ಎರಡು ಸಲ ಹೀಗಾದರೆ ಸಾಕು, ಮೂರನೇ ಸಲ ಆ ಎರಡು ಪದ ಓದಿದವರಿಗೆಲ್ಲಾ ಅರ್ಥವಾಗುತ್ತೆ. ಗುಟ್ಟು ಕಾಪಾಡಬೇಕಿದ್ದ ಪದವೇ ಗುಟ್ಟು ಬಿಟ್ಟುಕೊಡುತ್ತೆ. ಇದಕ್ಕೆ ಪರಿಹಾರ ಒಂದೇ, ಸಾಮಾನ್ಯ ದಿನಗಳಲ್ಲೂ ಕೆಲವು ಗೈರುಹಾಜರಿಗಳನ್ನು ಕಾರಣವಿಲ್ಲದೆ ‘ಲಭ್ಯವಿಲ್ಲ’ ಅಂತ ಬರೆಯುವ ಅಭ್ಯಾಸ. ಕಾಲು ಉಳುಕಿದವನೂ ಆ ಪಟ್ಟಿಯಲ್ಲಿರಬೇಕು, ಮಗು ಹುಟ್ಟಿದ ಖುಷಿಯಲ್ಲಿ ರಜೆ ಹಾಕಿದವನೂ ಇರಬೇಕು. ಆಗ ಮನಸ್ಸಿನ ಕಾಯಿಲೆಯವನಿಗೆ ಆ ಗುಂಪಿನಲ್ಲಿ ಮರೆ ಸಿಗುತ್ತೆ.

ಗುಂಪು ಚಿಕ್ಕದಾದಷ್ಟೂ ಮರೆ ಕಮ್ಮಿ ಅನ್ನೋದಕ್ಕೆ ಕೊರೊನಾ ಕಾಲದ ಉದಾಹರಣೆ ಇದೆ. 2020ರ ಮೇ 19ರಂದು ಪ್ರೀಮಿಯರ್ ಲೀಗ್ ತನ್ನ ಮೊದಲ ಪರೀಕ್ಷಾ ಫಲಿತಾಂಶ ಕೊಟ್ಟಿತು: 748 ಜನರ ಪರೀಕ್ಷೆ, ಮೂರು ಕ್ಲಬ್‌ಗಳಲ್ಲಿ ಆರು ಪಾಸಿಟಿವ್. ಹೆಸರಿಲ್ಲ. 748ರಲ್ಲಿ ಆರು ಅಂದರೆ ಯಾರು ಅಂತ ಹುಡುಕೋದು ಕಷ್ಟ. ಆದರೆ ವಾಟ್‌ಫರ್ಡ್ ತನ್ನಲ್ಲಿ ಮೂವರು, ಅವರಲ್ಲಿ ಒಬ್ಬ ಆಟಗಾರ ಎಂದಾಗ ಹುಡುಕಾಟ ಒಂದು ತಂಡದಷ್ಟಕ್ಕೆ ಇಳಿಯಿತು. ಹೆಸರು ಹೇಳಲ್ಲ ಅಂತ ಕ್ಲಬ್ ಹೇಳಿತು. ಕೊನೆಗೆ ಏಡ್ರಿಯನ್ ಮರಿಯಾಪ್ಪ ತಾವೇ ಮುಂದೆ ಬಂದು ಅದು ನಾನೇ ಅಂದರು. ಹೇಳುವ ಹಕ್ಕು ಅವರದ್ದು, ಅವರೇ ಬಳಸಿದರು.

ಒಂದು ಪ್ರಕಟಣೆ ಬರೆದು ನೋಡೋಣ

ಈಗ ಕಾಲ್ಪನಿಕ ಕ್ಲಬ್ಬೊಂದನ್ನು ತೆಗೆದುಕೊಳ್ಳೋಣ. ಶನಿವಾರ ರಾತ್ರಿ ಪಂದ್ಯ. 68ನೇ ನಿಮಿಷದಲ್ಲಿ ಸ್ಟ್ರೈಕರ್ ಚೆಂಡಿನ ಹಿಂದೆ ಓಡುತ್ತಾ ಇದ್ದಕ್ಕಿದ್ದಂತೆ ನಿಂತು ತೊಡೆಯ ಹಿಂಭಾಗ ಹಿಡಿದುಕೊಂಡ. ಹ್ಯಾಮ್‌ಸ್ಟ್ರಿಂಗ್. ಹೊರಗಿನವರಿಗೆ ಗೊತ್ತಿರದ ಎರಡು ವಿಷಯ ಒಳಗಿನವರಿಗೆ ಗೊತ್ತು. ಆರು ತಿಂಗಳ ಹಿಂದೆ ಅಭ್ಯಾಸದಲ್ಲಿ ಇದೇ ಜಾಗ ನೋಯುತ್ತಿತ್ತು. ಮತ್ತು ಅವನ ಒಪ್ಪಂದ ಮೇ ತಿಂಗಳಿಗೆ ಮುಗಿಯುತ್ತೆ.

ಪಂದ್ಯ ಮುಗಿದ ಅರ್ಧ ಗಂಟೆಗೆ ಮೀಡಿಯಾ ವಿಭಾಗದ ಹುಡುಗನಿಗೆ ಎರಡು ಆಸೆ ಬರುತ್ತೆ. ಒಂದು, ‘ಸಣ್ಣ ಪೆಟ್ಟು, ಮುನ್ನೆಚ್ಚರಿಕೆಗಾಗಿ ಹೊರಗೆ ಕರೆದೆವು’ ಅಂತ ಬರೆಯೋದು. ಇದು ಖಾಸಗಿತನ ಕಾಪಾಡುವಂತೆ ಕಾಣುತ್ತೆ, ಆದರೆ ಶುದ್ಧ ಸುಳ್ಳು. ಪೆಟ್ಟು ಸಣ್ಣದಾ ದೊಡ್ಡದಾ ಅಂತ ಆ ಹೊತ್ತಿನಲ್ಲಿ ಡಾಕ್ಟರಿಗೇ ಗೊತ್ತಿಲ್ಲ. ಇಂಥ ಗಾಯಕ್ಕೆ ಎಂಆರ್‌ಐ ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಮಾಡಿ, ಸ್ನಾಯು ಬರೀ ಎಳೆದಿದೆಯಾ, ಭಾಗಶಃ ಹರಿದಿದೆಯಾ, ಪೂರ್ತಿ ಹರಿದಿದೆಯಾ ಅಂತ ನೋಡುತ್ತಾರೆ. ಮೊದಲನೆಯದಕ್ಕೆ ಕೆಲವೇ ವಾರ, ಕೊನೆಯದಕ್ಕೆ ತಿಂಗಳುಗಟ್ಟಲೆ. ಎರಡನೇ ಆಸೆ, ‘ಹಳೇ ಹ್ಯಾಮ್‌ಸ್ಟ್ರಿಂಗ್ ಸಮಸ್ಯೆ ಮರುಕಳಿಸಿದೆ’ ಅಂತ ಎಲ್ಲಾ ಹೇಳಿಬಿಡೋದು. ಇದು ನಿಜ. ಆದರೆ ಆ ಹುಡುಗನ ಮೇ ತಿಂಗಳನ್ನು ಇವನು ಖರ್ಚು ಮಾಡಿದ ಹಾಗೆ.

ನಾನಾಗಿದ್ದರೆ ಶನಿವಾರ ರಾತ್ರಿ ಇಷ್ಟೇ ಬರೆಯುತ್ತಿದ್ದೆ:

*‘ನಮ್ಮ ಸ್ಟ್ರೈಕರ್ 68ನೇ ನಿಮಿಷದಲ್ಲಿ ತೊಡೆ ನೋವಿನಿಂದ ಹೊರನಡೆದರು. ಮುಂದಿನ ದಿನಗಳಲ್ಲಿ ಸ್ಕ್ಯಾನ್ ನಡೆಯಲಿದೆ. ಅದು ಮುಗಿಯುವ ತನಕ ಗಾಯ ಎಷ್ಟು ದೊಡ್ಡದು ಎಂದು ಹೇಳಲಾಗದು. ಬುಧವಾರ ಸಂಜೆ ಮತ್ತೆ ತಿಳಿಸುತ್ತೇವೆ.’*

ಎಲ್ಲರೂ ಕಣ್ಣಾರೆ ಕಂಡದ್ದನ್ನು ಒಪ್ಪಿಕೊಂಡಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿದೆ, ಮುಂದಿನ ಮಾತು ಯಾವಾಗ ಅಂತ ಹೇಳಿದೆ. ಆ ಕೊನೆಯ ಸಾಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಸ್ಟಮ್ ಬಿದ್ದಾಗ ನಾವು ‘ಮುಂದಿನ ಅಪ್‌ಡೇಟ್ 4 ಗಂಟೆಗೆ’ ಅಂತ ಬರೆದರೆ ಫೋನ್ ಕರೆಗಳು ಅರ್ಧಕ್ಕೆ ಇಳಿಯುತ್ತವೆ. ಜನ ಕಾಯಲು ಸಿದ್ಧ, ಎಲ್ಲಿಯ ತನಕ ಅಂತ ಗೊತ್ತಿದ್ದರೆ.

ಸ್ಕ್ಯಾನ್ ಆಯ್ತು, ಭಾಗಶಃ ಹರಿದಿದೆ. ಈಗ ಕರಡು ನಾಲ್ಕು ಕೈ ದಾಟಬೇಕು. ಡಾಕ್ಟರ್ ಮೊದಲು ಆಟಗಾರನಿಗೆ ಹೇಳಬೇಕು. ತನ್ನ ಗಾಯದ ಸುದ್ದಿಯನ್ನು ಆತ ಫೋನ್ ನೋಟಿಫಿಕೇಶನ್‌ನಲ್ಲಿ ಓದುವಂತಾಗಬಾರದು. ಆಮೇಲೆ ಆಟಗಾರ ಮೂರು ಆಯ್ಕೆಯಲ್ಲಿ ಒಂದನ್ನು ಆರಿಸುತ್ತಾನೆ, ಬೇಕಿದ್ದರೆ ಏಜೆಂಟ್ ಜೊತೆ ಮಾತಾಡಿ. ನಂತರ ಡಾಕ್ಟರ್ ಕರಡಿನ ಪ್ರತಿ ಪದ ವೈದ್ಯಕೀಯವಾಗಿ ಸರಿ ಇದೆಯಾ ನೋಡುತ್ತಾರೆ. ಕೊನೆಗೆ ಕೋಚ್ ಕೈಗೆ ಅದೇ ಪಠ್ಯ ಹೋಗಬೇಕು. ಬಹಳ ಕಡೆ ಎಡವುವುದು ಇಲ್ಲೇ. ಪ್ರಕಟಣೆ ‘ತೊಡೆಯ ಗಾಯ’ ಅನ್ನುತ್ತೆ, ಅದೇ ಸಂಜೆ ಪತ್ರಿಕಾಗೋಷ್ಠಿಯಲ್ಲಿ ಕೋಚ್ ಬಾಯಿತಪ್ಪಿ ‘ಅವನಿಗೆ ಅದು ಹಳೇ ತೊಂದರೆ’ ಅಂದುಬಿಡುತ್ತಾರೆ. ಬುಧವಾರದ ಪಠ್ಯ ಹೀಗಿರಬಹುದು:

*‘ಸ್ಕ್ಯಾನ್‌ನಲ್ಲಿ ತೊಡೆಯ ಸ್ನಾಯುವಿಗೆ ಗಾಯವಾಗಿರುವುದು ಖಚಿತವಾಗಿದೆ. ಮುಂದಿನ ಮೂರು ಪಂದ್ಯಗಳಿಗೆ ಅವರು ಲಭ್ಯವಿಲ್ಲ. ನಂತರದ ಪಂದ್ಯಗಳ ಬಗ್ಗೆ ಚೇತರಿಕೆ ನೋಡಿ ನಿರ್ಧರಿಸಲಾಗುವುದು. ಈ ವಿವರಗಳನ್ನು ಆಟಗಾರರ ಒಪ್ಪಿಗೆಯೊಂದಿಗೆ ಹಂಚಿಕೊಂಡಿದ್ದೇವೆ. ಇದಕ್ಕಿಂತ ಹೆಚ್ಚಿನ ವೈದ್ಯಕೀಯ ವಿವರ ಕೊಡುವುದಿಲ್ಲ.’*

ದಿನಾಂಕದ ಬದಲು ‘ಮೂರು ಪಂದ್ಯ’ ಅಂದದ್ದನ್ನು ಗಮನಿಸಿ. ಟಿಕೆಟ್ ಕೊಂಡವನಿಗೆ ಬೇಕಾದದ್ದು ಅದೇ. ಯಾವ ದಿನ ವಾಪಸ್ ಅನ್ನೋ ಭರವಸೆ ಅದರಲ್ಲಿಲ್ಲ. ಆ ಮೂರಕ್ಕೆ ಇರಲ್ಲ ಅನ್ನೋದು ಮಾತ್ರ ಖಚಿತ, ಅದು ನಿಜವಾಗಿಯೇ ಗೊತ್ತಿರುವ ವಿಷಯ. ‘ಮತ್ತೆ’ ಇಲ್ಲ. ಸುಳ್ಳೂ ಇಲ್ಲ. ‘ಇದು ಹಳೇ ಗಾಯವಾ?’ ಅಂತ ಪತ್ರಕರ್ತರು ಕೇಳಿದರೆ ‘ಅಲ್ಲ’ ಅನ್ನುವಂತಿಲ್ಲ. ‘ಹಿಂದಿನ ವೈದ್ಯಕೀಯ ವಿವರಗಳ ಬಗ್ಗೆ ನಾವು ಯಾವ ಆಟಗಾರನ ವಿಷಯದಲ್ಲೂ ಮಾತಾಡಲ್ಲ’ ಅನ್ನಬೇಕು. ‘ಯಾವ ಆಟಗಾರನ ವಿಷಯದಲ್ಲೂ’ ಅನ್ನೋದು ನಿಜವಾಗಿದ್ದರೆ ಮಾತ್ರ ಆ ಉತ್ತರಕ್ಕೆ ಬೆಲೆ.

ಎಲ್ಲರೂ ನೋಡಿಬಿಟ್ಟಾಗ

ಈ ನಿಯಮಗಳೆಲ್ಲಾ ತೀರಾ ಕಠಿಣ ಪರೀಕ್ಷೆಗೆ ಬಿದ್ದದ್ದು 2021ರ ಜೂನ್ 12ರಂದು. ಕೋಪನ್‌ಹೇಗನ್ನಿನಲ್ಲಿ ಫಿನ್‌ಲೆಂಡ್ ವಿರುದ್ಧ ಆಡುತ್ತಿದ್ದ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಮೊದಲಾರ್ಧ ಮುಗಿಯುವ ಹೊತ್ತಿಗೆ ಕುಸಿದುಬಿದ್ದರು. ಹೃದಯ ಸ್ತಂಭನ. ಜಗತ್ತಿನ ಕ್ಯಾಮೆರಾಗಳು ಅವರ ಮೇಲಿದ್ದವು. ಜೊತೆಗಾರರು ಸುತ್ತ ಬೆನ್ನು ಹಾಕಿ ನಿಂತು ಗೋಡೆ ಕಟ್ಟಿದರು. ಅಂದಿನ ಖಾಸಗಿತನದ ಮೊದಲ ಪ್ರಕಟಣೆ ಆ ಗೋಡೆಯೇ ಇರಬೇಕು.

ಆ ಸಂಜೆ ಡೆನ್ಮಾರ್ಕ್ ಫುಟ್‌ಬಾಲ್ ಸಂಸ್ಥೆ ಹೇಳಿದ್ದು ಬಹಳ ಚಿಕ್ಕದು: ಎಚ್ಚರವಾಗಿದ್ದಾರೆ, ರಿಗ್ಸ್‌ಹಾಸ್ಪಿಟಲೆಟ್ ಆಸ್ಪತ್ರೆಯಲ್ಲಿ ಹೆಚ್ಚಿನ ಪರೀಕ್ಷೆ ನಡೆಯುತ್ತಿದೆ. ಸತ್ತರೋ ಬದುಕಿದರೋ ಅಂತ ಜನ ನಡುಗುತ್ತಿದ್ದ ಹೊತ್ತಿನಲ್ಲಿ ಬೇಕಾಗಿದ್ದ ಉತ್ತರ ಅದೊಂದೇ. ಐದು ದಿನದ ನಂತರ, ಜೂನ್ 17ರಂದು, ತಂಡದ ವೈದ್ಯರ ಮೂಲಕ ಎರಡನೇ ಮಾತು ಬಂತು. ಹೃದಯ ಬಡಿತದ ಲಯದಲ್ಲಿ ಏರುಪೇರಾದ್ದರಿಂದ ಐಸಿಡಿ ಎಂಬ ಸಾಧನ ಅಳವಡಿಸಲಾಗುವುದು, ಇದಕ್ಕೆ ಎರಿಕ್ಸನ್ ಒಪ್ಪಿದ್ದಾರೆ, ಅವರಿಗೂ ಕುಟುಂಬಕ್ಕೂ ನೆಮ್ಮದಿ ಕೊಡಿ ಅಂತ. ಬಡಿತ ದಾರಿ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರ ಅದು.

ಇಲ್ಲಿ ಪ್ರಕಟಣೆಯ ತೂಕ ಎಷ್ಟು ಅಂತ ನೋಡಿ. ಎರಿಕ್ಸನ್ ಆಗ ಇಟಲಿಯ ಇಂಟರ್ ಮಿಲಾನ್ ಆಟಗಾರ. ಐಸಿಡಿ ಇರುವವರು ಇಟಲಿಯಲ್ಲಿ ವೃತ್ತಿಪರ ಫುಟ್‌ಬಾಲ್ ಆಡುವಂತಿಲ್ಲ. ಅಂದರೆ ಮೂರಕ್ಷರದ ಆ ಸಾಧನದ ಹೆಸರು ಹೊರಬಿದ್ದ ಕ್ಷಣವೇ ಅವರ ಕೆಲಸದ ಮೇಲೆ ದೊಡ್ಡ ಪ್ರಶ್ನೆ ಎದ್ದಿತ್ತು. ಡಿಸೆಂಬರಿನಲ್ಲಿ ಒಪ್ಪಂದ ಕೊನೆಗೊಂಡಿತು. 2022ರ ಜನವರಿ ಕೊನೆಗೆ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಸೇರಿ ಮತ್ತೆ ಆಡಿದರು.

ಐಸಿಡಿಯನ್ನು ಬಹುಕಾಲ ಮುಚ್ಚಿಡಲು ಆಗುತ್ತಿರಲಿಲ್ಲ, ಅದು ನಿಜ. ಆದರೆ ಅದನ್ನು ಹೇಳುವುದಕ್ಕೆ ಅವರಿಗೆ ಐದು ದಿನ ಸಿಕ್ಕಿತು. ಕುಟುಂಬದ ಜೊತೆ ಕೂತು ಯೋಚಿಸಲು, ಒಪ್ಪಿಕೊಳ್ಳಲು, ಬೇರೆಯವರ ಬಾಯಿಂದಲ್ಲದೆ ತಮ್ಮ ವೈದ್ಯರ ಬಾಯಿಂದ ಹೇಳಿಸಲು. ಹೃದಯದ ಲಯ ತಪ್ಪಿದ್ದು ಯಾಕೆ ಅನ್ನುವ ಮೂಲ ಕಾರಣ ಆ ಪ್ರಕಟಣೆಯಲ್ಲಿ ಇರಲಿಲ್ಲ. ಅದು ನಮಗೆ ಬೇಕಾಗಿಯೂ ಇರಲಿಲ್ಲ.

ಮುಂದಿನ ಸಲ ನಿಮ್ಮ ನೆಚ್ಚಿನ ಕ್ಲಬ್ಬಿನ ಗಾಯದ ಸುದ್ದಿ ಫೋನಿನಲ್ಲಿ ಬಂದಾಗ ಒಮ್ಮೆ ನಿಧಾನವಾಗಿ ಓದಿ ನೋಡಿ. ಕಣ್ಣಿಗೆ ಕಂಡದ್ದನ್ನು ಒಪ್ಪಿಕೊಂಡಿದೆಯಾ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿದೆಯಾ, ಎಲ್ಲಿ ಬೇಲಿ ಹಾಕಿದೆ ಅಂತ ತೋರಿಸಿದೆಯಾ? ಈ ಮೂರೂ ಇದ್ದರೆ ಆ ಕ್ಲಬ್ ನಿಮಗೆ ಏನನ್ನೂ ಮುಚ್ಚಿಡುತ್ತಿಲ್ಲ. ಬೇಲಿಯ ಆಚೆ ಇರೋದು ಒಬ್ಬ ಪೇಶೆಂಟಿನ ಫೈಲ್, ಅದು ಅವನ ಸ್ವಂತದ್ದು.